ವಾರದ ವರದಿಯ ಬಣ್ಣಕ್ಕೆ ಲೆಕ್ಕವೇ ಸಾಕ್ಷಿ

2006ರಲ್ಲಿ ಫೋರ್ಡ್ ಕಂಪನಿಯ ಚುಕ್ಕಾಣಿ ಹಿಡಿದ ಅಲನ್ ಮುಲ್ಲಾಲಿ, ಹಿರಿಯ ಅಧಿಕಾರಿಗಳೆಲ್ಲ ವಾರವಾರವೂ ತಮ್ಮ ಕೆಲಸದ ಸ್ಥಿತಿಯನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸಬೇಕೆಂದರು. ಮೊದಮೊದಲು ಬಂದದ್ದೆಲ್ಲ ಹಸಿರೇ. ಆ ವರ್ಷ ಫೋರ್ಡ್ ಕಳೆದುಕೊಂಡದ್ದು 12 ಬಿಲಿಯನ್ ಡಾಲರಿಗೂ ಹೆಚ್ಚು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ, ತಾಂತ್ರಿಕ ದೋಷದಿಂದ ‘ಎಡ್ಜ್’ ಕಾರಿನ ಬಿಡುಗಡೆ ನಿಂತಿದೆ ಎಂದು ಕೆಂಪು ತೋರಿಸಿದರು. ಮುಲ್ಲಾಲಿ ಚಪ್ಪಾಳೆ ತಟ್ಟಿದರು.

ಅದು ಮನೆಯೊಳಗಿನ ಮಾತಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದು ಹಣ ಕೊಡುವ ಗ್ರಾಹಕನಿಗೆ ಇಂಥದೇ ವರದಿ ಕಳಿಸುವಾಗ ಧೈರ್ಯವೊಂದೇ ಸಾಲದು. ‘ಯಾಕೆ ಈ ಬಣ್ಣ?’ ಎಂದು ಅವರು ಕೇಳಿದರೆ ಉತ್ತರ ಸಿದ್ಧವಿರಬೇಕು. ಹಾಗಾಗಿ ಬಣ್ಣದ ನಿಯಮವನ್ನು ಕೆಲಸ ಶುರುವಾಗುವ ಮೊದಲೇ ಇಬ್ಬರೂ ಕೂತು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಉದಾಹರಣೆ ನೋಡೋಣ. ಆಸ್ಪತ್ರೆಯೊಂದರ ಬಿಲ್ಲಿಂಗ್ ವ್ಯವಸ್ಥೆಗೆ 40 ಸ್ಕ್ರೀನ್‌ಗಳು ಬೇಕು, ಅವಧಿ 10 ವಾರ. ಗುರಿಗಿಂತ ಶೇ. 5ರವರೆಗೆ ಹಿಂದಿದ್ದರೆ ಹಸಿರು, ಶೇ. 15ರವರೆಗೆ ಹಳದಿ, ಅದನ್ನೂ ಮೀರಿದರೆ ಕೆಂಪು ಎಂದು ಒಪ್ಪಂದವಾಗಿದೆ. ಆರನೇ ವಾರದ ಕೊನೆಗೆ 24 ಮುಗಿದಿರಬೇಕಿತ್ತು. ಇಪ್ಪತ್ತು ಮುಗಿದಿವೆ, ಇನ್ನು ನಾಲ್ಕು ‘ಮುಗಿದ ಹಾಗೇ, ಶೇ. 90 ಆಗಿದೆ’ ಎನ್ನುತ್ತಾರೆ ಬರೆದವರು.

ಆ ನಾಲ್ಕನ್ನು ಸೇರಿಸಿಕೊಂಡರೆ ವರದಿ ಹಸಿರು. ಬಿಟ್ಟರೆ ಕೊರತೆ ಸುಮಾರು ಶೇ. 17, ಅಂದರೆ ಕೆಂಪು. ವಾರ ಅದೇ, ತಂಡ ಅದೇ; ಬಣ್ಣ ಮಾತ್ರ ಎರಡು ತುದಿಗೆ ಹೋಯಿತು. ಹೊರಗೆ ಹಸಿರು, ಒಳಗೆ ಕೆಂಪು ಇರುವ ‘ಕಲ್ಲಂಗಡಿ’ ವರದಿಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ. ಪರೀಕ್ಷೆ ಪಾಸಾಗಿ ಗ್ರಾಹಕರು ಒಪ್ಪಿದ್ದು ಒಂದು, ಉಳಿದದ್ದೆಲ್ಲ ಸೊನ್ನೆ ಎಂದು ಎಣಿಸಿದರೆ ಶೇ. 90ರ ವಾದಕ್ಕೆ ಜಾಗವೇ ಇರುವುದಿಲ್ಲ.

ಕೆಂಪು ಎಂದಷ್ಟೇ ಹೇಳಿ ಸುಮ್ಮನಾದರೆ ಓದುವವರಿಗೆ ಗಾಬರಿ ಬಿಟ್ಟು ಬೇರೇನೂ ಸಿಗದು. ಆರು ವಾರಕ್ಕೆ 20 ಎಂದರೆ ಉಳಿದ 20ಕ್ಕೂ ಆರು ವಾರ ಬೇಕು, ಕೈಯಲ್ಲಿರುವುದು ನಾಲ್ಕೇ. ವರದಿ ಇದನ್ನೇ ನೇರವಾಗಿ ಬರೆಯುತ್ತದೆ: ಇದೇ ವೇಗದಲ್ಲಿ ಎರಡು ವಾರ ತಡವಾಗುತ್ತದೆ, ಇಲ್ಲವೇ ಏಳು ಸ್ಕ್ರೀನ್‌ಗಳನ್ನು ಮುಂದಿನ ಹಂತಕ್ಕೆ ಬಿಡಬೇಕು, ಯಾವುದೆಂದು ಬುಧವಾರದೊಳಗೆ ತಿಳಿಸಿ. ಆ ನಾಲ್ಕು ಸ್ಕ್ರೀನ್ ನಿಂತದ್ದು ಆಸ್ಪತ್ರೆಯಿಂದ ಪರೀಕ್ಷೆಗೆ ಮಾದರಿ ಬಿಲ್ಲುಗಳು ಬಾರದ್ದರಿಂದಾದರೆ, ಕೇಳಿದ ದಿನಾಂಕದ ಸಮೇತ ಅದನ್ನೂ ದಾಖಲಿಸಬೇಕು. ಆದರೆ ತಪ್ಪು ಯಾರದಾದರೂ ಬಣ್ಣ ಬದಲಾಗದು, ಏಕೆಂದರೆ ಅದು ಅಳೆಯುವುದು ಕೆಲಸ ಎಲ್ಲಿದೆ ಎಂಬುದನ್ನು.

ಈ ಲೆಕ್ಕಕ್ಕೂ ಮಿತಿಯಿದೆ. ಎಲ್ಲ ಸ್ಕ್ರೀನ್‌ಗಳೂ ಒಂದೇ ತೂಕದವಲ್ಲ. ವಿಮೆ ಕಂಪನಿಯ ಜೊತೆಗಿನ ಜೋಡಣೆ ಕೈಕೊಟ್ಟರೆ ಉಳಿದ 39 ಸಿದ್ಧವಿದ್ದರೂ ಬಿಲ್ ಹೊರಡದು. ಅಂಥದ್ದಕ್ಕೆ ಸರಾಸರಿಯಲ್ಲಿ ಮರೆಯಾಗದಂತೆ ಬೇರೆಯದೇ ಸಾಲು, ಬೇರೆಯದೇ ಬಣ್ಣ ಬೇಕು. ಆಸ್ಪತ್ರೆ ಹೊಸ ದಿನಾಂಕ ಒಪ್ಪಿದರೆ ಮುಂದಿನ ವಾರ ವರದಿ ಮತ್ತೆ ಹಸಿರಾಗಬಹುದು. ಆಗ ಹಳೆಯ ದಿನಾಂಕವನ್ನು ಅಳಿಸದೆ, ಹೊಸದರ ಪಕ್ಕದಲ್ಲೇ ಉಳಿಸುವುದು ಕ್ರಮ.