ಹರಿತಾಳದ ಪರೀಕ್ಷೆಯಲ್ಲಿ ನ್ಯೂಟ್ರಾನ್ ಸಕ್ರಿಯಣ ವಿಶ್ಲೇಷಣೆ

ಪಶ್ಚಿಮ ಭಾರತದ ಕಾಗದದ ಜೈನ ಪ್ರತಿಗಳಲ್ಲಿ ಲಿಪಿಕಾರರು ತಪ್ಪಿದ ಅಕ್ಷರಗಳ ಮೇಲೆ ಹರಿತಾಳವನ್ನು ಬಳಿಯುತ್ತಿದ್ದರೆಂಬುದು ಹಸ್ತಪ್ರತಿಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ಆದರೆ ಹಳದಿಯೆಲ್ಲವೂ ಹರಿತಾಳವಲ್ಲ. ಒಂದು ಗ್ರಂಥದ ಎರಡು ಕಾಗದದ ಪ್ರತಿಗಳು ಗುಬ್ಬಿ ಮತ್ತು ಕುಣಿಗಲ್ಲಿನಲ್ಲಿ ದೊರೆತು, ತುಮಕೂರಿನಲ್ಲಿ ಸಂಪಾದನೆಗೊಳ್ಳುತ್ತಿವೆಯೆಂದು ಭಾವಿಸಬಹುದು. ಗುಬ್ಬಿಯ ಪ್ರತಿಯಲ್ಲಿ ಒಂದು ಪದದ ಮೇಲೆ ಹಳದಿಯಿದೆ. ಕುಣಿಗಲ್ಲಿನದರಲ್ಲಿ ಅದೇ ಪದ ನಿರ್ಬಾಧವಾಗಿದೆ. ಹಳದಿಯು ಹರಿತಾಳವಾದರೆ ಲಿಪಿಕಾರನು ಪದವನ್ನು ತೊಡೆದನೆಂಬ ಊಹೆಗೆ ಬಲ ಬರುತ್ತದೆ. ಅರಿಸಿನದ ಕಲೆಯಾದರೆ ಪಾಠವು ಹಾಗೆಯೇ ಉಳಿಯುತ್ತದೆ.

ಹರಿತಾಳವು ಆರ್ಸೆನಿಕ್ ಮತ್ತು ಗಂಧಕಗಳ ಸಂಯುಕ್ತ. ಅದರ ತೂಕದಲ್ಲಿ ಸುಮಾರು ಶೇಕಡಾ 61 ಭಾಗ ಆರ್ಸೆನಿಕ್. ಹೆವೆಶಿ ಮತ್ತು ಹಿಲ್ಡೆ ಲೆವಿ 1936ರಲ್ಲಿ ತೋರಿಸಿದ ಕ್ರಮದಂತೆ, ಮಾದರಿಯ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದರೆ ಅದರಲ್ಲಿನ ಧಾತುಗಳು ವಿಕಿರಣಶೀಲವಾಗುತ್ತವೆ. ಆರ್ಸೆನಿಕ್-75 ಒಂದು ನ್ಯೂಟ್ರಾನನ್ನು ಹೀರಿ ಆರ್ಸೆನಿಕ್-76 ಆಗುತ್ತದೆ. ಇದರ ಅರ್ಧಾಯು ಸುಮಾರು 26.3 ಗಂಟೆ, ಇದರ ಮುಖ್ಯ ಗಾಮಾ ಕಿರಣದ ಶಕ್ತಿ 559 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕಿರಣದ ಶಕ್ತಿಯಿಂದ ಧಾತುವನ್ನೂ, ಎಣಿಕೆಯಿಂದ ಪ್ರಮಾಣವನ್ನೂ ಅರಿಯಬಹುದು.

ಎಲೆಯನ್ನು ಇಡಿಯಾಗಿ ರಿಯಾಕ್ಟರಿಗೆ ಒಡ್ಡತಕ್ಕದ್ದಲ್ಲ, ಕಾಗದ ಕಂದುತ್ತದೆ. ತಾನಾಗಿ ಕಳಚಿದ 2 ಮಿಲಿಗ್ರಾಂ ಚೂರು ಸಾಕು. ಅದರೊಡನೆ 10 ಮೈಕ್ರೋಗ್ರಾಂ ಆರ್ಸೆನಿಕ್ ಇರುವ ಪ್ರಮಾಣಮಾದರಿಯನ್ನೂ ಒಟ್ಟಿಗೆ ಇಡಬೇಕು. ಎರಡಕ್ಕೂ ಒಂದೇ ನ್ಯೂಟ್ರಾನ್ ಪ್ರವಾಹ ತಾಗುವುದರಿಂದ ಅದರ ಮೊತ್ತವನ್ನು ಬೇರೆಯಾಗಿ ತಿಳಿಯಬೇಕಾದ ಅವಶ್ಯಕತೆಯಿಲ್ಲ.

ಚೂರನ್ನು ಹೊರತೆಗೆದ 24 ಗಂಟೆಗಳ ಅನಂತರ 10 ನಿಮಿಷ ಎಣಿಸಿದಾಗ, ಹಿನ್ನೆಲೆಯನ್ನು ಕಳೆದು, 48,000 ಎಣಿಕೆ ಬಂದಿತೆನ್ನೋಣ. ಪ್ರಮಾಣಮಾದರಿಯನ್ನು ಅದೇ ದೂರದಲ್ಲಿ, ಅಷ್ಟೇ ಹೊತ್ತು, ಆದರೆ 26.3 ಗಂಟೆ ತಡವಾಗಿ ಎಣಿಸಿದಾಗ 40,000 ಬಂದಿತು. ತಡವು ಒಂದು ಅರ್ಧಾಯುವಾದ್ದರಿಂದ ಇದನ್ನು ಇಮ್ಮಡಿಸಬೇಕು: 80,000.

10 × 48,000 ÷ 80,000 = 6 ಮೈಕ್ರೋಗ್ರಾಂ

2 ಮಿಲಿಗ್ರಾಂ ಚೂರಿನಲ್ಲಿ ಇದು ಶೇಕಡಾ 0.3. ಎಲ್ಲವೂ ಹರಿತಾಳದ್ದೇ ಆದರೆ ಹರಿತಾಳ 6 ÷ 0.61, ಅಂದರೆ ಸುಮಾರು 9.8 ಮೈಕ್ರೋಗ್ರಾಂ. ಸಮಯದ ತಿದ್ದುಪಡಿಯನ್ನು ಮರೆತಿದ್ದರೆ ಆರ್ಸೆನಿಕ್ 12 ಮೈಕ್ರೋಗ್ರಾಂ ಎಂದು ತೋರುತ್ತಿತ್ತು!

ಇಲ್ಲೊಂದು ಅಪಾಯವುಂಟು. ಹಿಂದೆ ಹುಳುಗಳ ನಾಶಕ್ಕೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟ ಕಾಗದದಲ್ಲಿ ಬ್ರೋಮಿನ್ ಉಳಿದಿರಬಹುದು. ಬ್ರೋಮಿನ್-82ರ ಒಂದು ಕಿರಣ 554ರಲ್ಲಿ ಬೀಳುತ್ತದೆ. ಹಳೆಯ ಸೋಡಿಯಂ ಅಯೊಡೈಡ್ ಶೋಧಕಕ್ಕೆ 554 ಮತ್ತು 559 ಒಂದೇ ಗುಡ್ಡೆಯಾಗಿ ಕಾಣುತ್ತವೆ. ಜರ್ಮೇನಿಯಂ ಶೋಧಕವು ಅವನ್ನು ಬೇರ್ಪಡಿಸುತ್ತದೆ. ಸಂಶಯವಿದ್ದಲ್ಲಿ 776ರಲ್ಲಿ ಬ್ರೋಮಿನ್ನಿನ ಇನ್ನೊಂದು ಕಿರಣವಿದೆಯೇ ಎಂದು ನೋಡಬೇಕು. ಮರುದಿನ ಮತ್ತೆ ಎಣಿಸಲೂಬಹುದು. ಬ್ರೋಮಿನ್-82ರ ಅರ್ಧಾಯು ಸುಮಾರು 35 ಗಂಟೆ, ಆದ್ದರಿಂದ ಅದು ನಿಧಾನವಾಗಿ ಕುಗ್ಗುತ್ತದೆ.

ಅದೇ ಎಲೆಯ ಬಳಿಯದ ಅಂಚಿನ ಚೂರನ್ನೂ ಪರೀಕ್ಷಿಸುವುದು ಅಗತ್ಯ. ಅಲ್ಲಿಯೂ ಅಷ್ಟೇ ಆರ್ಸೆನಿಕ್ ಇದ್ದರೆ ಎಲೆಗೆಲ್ಲ ಹರಿತಾಳ ಸವರಿರಬಹುದು. ಆಗ ಹಳದಿ ಗುರುತಿಗೆ ತಿದ್ದುಪಡಿಯೆಂಬ ಅರ್ಥವಿಲ್ಲ. ಈ ವಿಧಾನ ಧಾತುವನ್ನು ಹೇಳುತ್ತದೆಯೇ ಹೊರತು ಸಂಯುಕ್ತವನ್ನಲ್ಲ: ಮನಃಶಿಲೆಯೂ ಆರ್ಸೆನಿಕ್ಕನ್ನೇ ತೋರಿಸುತ್ತದೆ. ಬಣ್ಣವನ್ನು ಕಣ್ಣಿನಿಂದಲೂ, ಲೇಪವು ಮಸಿಯ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಸೂಕ್ಷ್ಮದರ್ಶಕದಿಂದಲೂ ನಿರ್ಣಯಿಸಿದ ಮೇಲೆಯೇ ಗುಬ್ಬಿಯ ಪ್ರತಿಯ ಆ ಪದವನ್ನು ಪಾಠಾಂತರದಲ್ಲಿ ಸೇರಿಸಬೇಕೋ ಬಿಡಬೇಕೋ ಎಂದು ಸಂಪಾದಕನು ತೀರ್ಮಾನಿಸಬಹುದು.