ಭುಜದ ಪಟ್ಟಿ ನೋಡಿ

ಪ್ರಶ್ನೆ: ಜಾಲತಾಣದಲ್ಲಿ ಪರಿಚಯವಾದವರು ತಾವು ಐಪಿಎಸ್ ಅಧಿಕಾರಿ ಎಂದು ಸಮವಸ್ತ್ರದ ಫೋಟೊ ಕಳಿಸಿದ್ದಾರೆ. ನಿಜವೇ ಎಂದು ತಿಳಿಯುವುದು ಹೇಗೆ?

ಉತ್ತರ: ಫೋಟೊ ಹಿಗ್ಗಿಸಿ ಭುಜ ನೋಡಿ. ಮೂರು ನಕ್ಷತ್ರಗಳ ಜೊತೆಗೆ ಅಂಚಿನಲ್ಲಿ ಕೆಂಪು-ನೀಲಿ ರಿಬ್ಬನ್ ಇದ್ದರೆ ಅದು ಇನ್‌ಸ್ಪೆಕ್ಟರ್ ದರ್ಜೆ. ಡಿವೈಎಸ್‌ಪಿಗೂ ಮೂರೇ ನಕ್ಷತ್ರ, ಆದರೆ ರಿಬ್ಬನ್ ಇರುವುದಿಲ್ಲ. ಹಾಗಾಗಿ ರಿಬ್ಬನ್ನಿನ ಕೆಳಗೆ ‘ಐಪಿಎಸ್’ ಅಕ್ಷರಗಳಿದ್ದರೆ ವೇಷ ಅಲ್ಲೇ ಬಯಲಾಯಿತು. ಎಸ್‌ಪಿ ಎನ್ನುವವರ ಭುಜದಲ್ಲಿ ಅಶೋಕ ಲಾಂಛನ, ಒಂದು ನಕ್ಷತ್ರ ಇರಬೇಕು. ನಾಮಫಲಕ ಬಲ ಎದೆಯ ಮೇಲಿರುತ್ತದೆ. ಎಡಕ್ಕೆ ಬಂದು ಅಕ್ಷರವೂ ತಿರುಗಿದ್ದರೆ ಅದು ಸೆಲ್ಫಿಯ ಕನ್ನಡಿ ಬಿಂಬ, ಅದನ್ನೇ ತಪ್ಪೆನ್ನಬೇಡಿ.

ಎಲ್ಲ ಸರಿಯಿದ್ದರೂ ಫೋಟೊ ಬೇರೆ ಅಧಿಕಾರಿಯದ್ದಾಗಿರಬಹುದು. ವಂಚಕರು ಕದಿಯುವುದೇ ಅಸಲಿ ಚಿತ್ರಗಳನ್ನು. ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅವರು ಕೊಟ್ಟ ನಂಬರಿಗಲ್ಲ, ಇಲಾಖೆಯ ಜಾಲತಾಣದಲ್ಲಿರುವ ಕಚೇರಿ ನಂಬರಿಗೆ ಕರೆ ಮಾಡಿ ವಿಚಾರಿಸಿ. ಅಲ್ಲಿಯವರೆಗೆ ಹಣ ಕಳಿಸಬೇಡಿ.