ಬರು, ಬಂದೆ, ಬಂತು: ಕ್ರಿಯಾಪದದ 27 ಮನೆಗಳು

ಕನ್ನಡ ಕಲಿಯಲು ಹೊರಟವರು ಮೊದಲ ತಿಂಗಳಲ್ಲಿ ಒಂದಲ್ಲ ಒಂದು ದಿನ ‘ನಾನು ನಿನ್ನೆ ಬರಿದೆ’ ಎಂದೇ ಎನ್ನುತ್ತಾರೆ. ಅವರ ತರ್ಕದಲ್ಲಿ ತಪ್ಪಿಲ್ಲ. ಮಾಡು ಎಂಬುದು ಮಾಡಿದೆ ಆಗುತ್ತದೆ, ನೋಡು ನೋಡಿದೆ ಆಗುತ್ತದೆ, ಹಾಗಾದರೆ ಬರು ಬರಿದೆ ಆಗಬೇಕು, ತರು ತರಿದೆ ಆಗಬೇಕು, ಕೊಡು ಕೊಡಿದೆ ಆಗಬೇಕು. ಕೇಳುವವರಿಗೆ ಮಾತ್ರ ಬೇರೆಯೇ ಅರ್ಥ ಹೊಳೆಯುತ್ತದೆ. ಬರಿದೆ ಎಂದರೆ ಸುಮ್ಮನೆ, ವ್ಯರ್ಥವಾಗಿ. ತರಿದೆ ಎಂದರೆ ಕಡಿದು ಹಾಕಿದೆ. ಕೊಡಿದೆ ಎಂಬ ಮಾತೇ ಕನ್ನಡದಲ್ಲಿಲ್ಲ.

ಇಂಥ ಎಡವಟ್ಟು ತಪ್ಪಿಸಲು ಕಲಿಯುವವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಹಾಕಿಕೊಳ್ಳುತ್ತಾರೆ. ಅಡ್ಡಸಾಲಿನಲ್ಲಿ ಮೂರು ಕಾಲ, ಉದ್ದಸಾಲಿನಲ್ಲಿ ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು. ಒಂದು ಕ್ರಿಯಾಪದಕ್ಕೆ 27 ಮನೆಗಳು. ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆದರೆ ಇಷ್ಟೂ ಮನೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಮೂರು ರೂಪ ಗೊತ್ತಿದ್ದರೆ ಉಳಿದವನ್ನು ಕಲಿಯುವವರೇ ತುಂಬಬಹುದು: ಧಾತು, ‘ನಾನು’ ಜೊತೆಗಿನ ಭೂತಕಾಲ, ‘ಅದು’ ಜೊತೆಗಿನ ಭೂತಕಾಲ. ಬರು, ಬಂದೆ, ಬಂತು.

ಕೋಷ್ಟಕ ಶುರು ಮಾಡುವಾಗಲೇ ಒಂದು ಎಚ್ಚರ ಬೇಕು. ನಮ್ಮ ಶಾಲೆಯ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ಅವನು, ಅವಳು, ಅದು. ನಾನು ಎಂಬುದು ಉತ್ತಮ ಪುರುಷ. ಇಂಗ್ಲಿಷ್ ವ್ಯಾಕರಣದಲ್ಲಿ ಎಣಿಕೆ ‘ನಾನು’ ಇಂದ ಶುರುವಾಗುತ್ತದೆ. ಎರಡು ಪುಸ್ತಕ ಇಟ್ಟುಕೊಂಡು ಕಲಿಯುವವರು ಇಲ್ಲಿ ಸಾಲುಗಳನ್ನು ಅದಲುಬದಲು ಮಾಡಿಬಿಡುತ್ತಾರೆ. ಸಾಲಿನ ತಲೆಗೆ ಪುರುಷದ ಹೆಸರು ಬರೆಯದೆ ನಾನು, ನೀನು ಎಂದೇ ಬರೆದುಕೊಂಡರೆ ಗೊಂದಲ ಇರುವುದಿಲ್ಲ.

ಈಗ ‘ಬರು’ ಧಾತುವನ್ನೇ ತುಂಬಿ ನೋಡೋಣ.

| | ಭೂತ | ವರ್ತಮಾನ | ಭವಿಷ್ಯತ್ |
|---|---|---|---|
| ನಾನು | ಬಂದೆ | ಬರುತ್ತೇನೆ | ಬರುವೆನು |
| ನಾವು | ಬಂದೆವು | ಬರುತ್ತೇವೆ | ಬರುವೆವು |
| ನೀನು | ಬಂದೆ | ಬರುತ್ತೀಯೆ | ಬರುವೆ |
| ನೀವು | ಬಂದಿರಿ | ಬರುತ್ತೀರಿ | ಬರುವಿರಿ |
| ಅವನು | ಬಂದನು | ಬರುತ್ತಾನೆ | ಬರುವನು |
| ಅವಳು | ಬಂದಳು | ಬರುತ್ತಾಳೆ | ಬರುವಳು |
| ಅವರು | ಬಂದರು | ಬರುತ್ತಾರೆ | ಬರುವರು |
| ಅದು | ಬಂತು | ಬರುತ್ತದೆ | ಬರುವುದು |
| ಅವು | ಬಂದವು | ಬರುತ್ತವೆ | ಬರುವುವು |

ನಡುವಿನ ಕಂಬಸಾಲು ಎಲ್ಲಕ್ಕಿಂತ ಸುಲಭ. ಧಾತುವಿಗೆ ‘ಉತ್ತ’ ಸೇರಿಸಿ, ಕೊನೆಗೆ ಆಯಾ ಸಾಲಿನ ಪ್ರತ್ಯಯ ಹಚ್ಚಿದರೆ ಮುಗಿಯಿತು. ಧಾತು ಇ ಅಥವಾ ಎ ಇಂದ ಕೊನೆಗೊಂಡಿದ್ದರೆ ನಡುವೆ ಒಂದು ಯ ಬರುತ್ತದೆ: ಕುಡಿಯುತ್ತೇನೆ, ಕರೆಯುತ್ತೇನೆ. ಇದೆ, ಇದ್ದೇನೆ ಎನ್ನುವ ‘ಇರು’ ಧಾತು ಮಾತ್ರ ತನ್ನದೇ ದಾರಿ ಹಿಡಿದಿದೆ. ಅದಕ್ಕೆ ಪ್ರತ್ಯೇಕ ಪುಟ ಕೊಡುವುದೇ ಸರಿ.

ಮೂರನೆಯ ಕಂಬಸಾಲನ್ನು ಮಾತಾಡಲು ಕಲಿಯುವವರು ಸದ್ಯಕ್ಕೆ ಖಾಲಿ ಬಿಡಬಹುದು. ‘ನಾಳೆ ಬರುವೆನು’ ಎಂದು ಯಾರೂ ಫೋನಿನಲ್ಲಿ ಹೇಳುವುದಿಲ್ಲ, ‘ನಾಳೆ ಬರ್ತೀನಿ’ ಎನ್ನುತ್ತಾರೆ. ದಿನಬಳಕೆಯಲ್ಲಿ ವರ್ತಮಾನದ ರೂಪವೇ ನಾಳೆಯ ಕೆಲಸವನ್ನೂ ಹೇಳುತ್ತದೆ. ಬರುವೆನು, ಬರುವರು ಎಂಬವು ಓದಿದಾಗ ಅರ್ಥವಾದರೆ ಸಾಕು.

ನಿಜವಾದ ಕಷ್ಟ ಇರುವುದು ಭೂತಕಾಲದ ಕಂಬಸಾಲಿನಲ್ಲಿ. ಅಲ್ಲಿ ಒಂಬತ್ತು ರೂಪಗಳನ್ನು ಒಂದರ ಕೆಳಗೆ ಒಂದಿಟ್ಟು ಕೊನೆಯ ಪ್ರತ್ಯಯಗಳನ್ನು ಬೆರಳಿನಿಂದ ಮುಚ್ಚಿದರೆ ಎಂಟರಲ್ಲಿ ‘ಬಂದ್’ ಎಂಬ ಒಂದೇ ತುಂಡು ಉಳಿಯುತ್ತದೆ. ‘ಅದು’ ಸಾಲಿನಲ್ಲಿ ಮಾತ್ರ ‘ಬಂತು’ ಇದೆ. ‘ನಾನು’ ರೂಪ ಗೊತ್ತಾದರೆ ಎಂಟು ಮನೆ ತುಂಬುತ್ತವೆ, ಒಂಬತ್ತನೆಯದನ್ನು ಕೇಳಿ ಬರೆದುಕೊಳ್ಳಬೇಕು ಎಂಬ ಲೆಕ್ಕ ಬಂದದ್ದು ಇಲ್ಲಿಂದ. ಕೊಡು, ಕೊಟ್ಟೆ, ಕೊಟ್ಟಿತು. ಬೀಳು, ಬಿದ್ದೆ, ಬಿತ್ತು. ಆಗು, ಆದೆ, ಆಯಿತು.

ಹಾಗಾದರೆ ಪ್ರತಿ ಧಾತುವಿಗೂ ‘ನಾನು’ ರೂಪವನ್ನು ಬಿಡಿಬಿಡಿಯಾಗಿ ನೆನಪಿಡಬೇಕೇ? ಪೂರ್ತಿ ಹಾಗೇನಿಲ್ಲ, ಇಲ್ಲೂ ಬಳಗಗಳಿವೆ. ‘ಡು’ ಎಂದು ಮುಗಿಯುವ ಧಾತುಗಳನ್ನೇ ನೋಡಿ. ಕೊಡು, ಇಡು, ಬಿಡು, ಸುಡು, ನೆಡು, ಉಡು ಇವೆಲ್ಲದರ ಮೊದಲ ಸ್ವರ ಹ್ರಸ್ವ. ಇವು ಕೊಟ್ಟೆ, ಇಟ್ಟೆ, ಬಿಟ್ಟೆ, ಸುಟ್ಟೆ, ನೆಟ್ಟೆ, ಉಟ್ಟೆ ಆಗುತ್ತವೆ. ಮಾಡು, ನೋಡು, ಓಡು, ಹಾಡು, ಬೇಡು ಇವುಗಳಲ್ಲಿ ಮೊದಲ ಸ್ವರ ದೀರ್ಘ. ಇವು ಮಾಡಿದೆ, ನೋಡಿದೆ, ಓಡಿದೆ, ಹಾಡಿದೆ, ಬೇಡಿದೆ ಆಗುತ್ತವೆ. ‘ಕೊಡಿದೆ’ ಎಂದವರು ಹ್ರಸ್ವದ ಧಾತುವನ್ನು ದೀರ್ಘದ ಬಳಗಕ್ಕೆ ಸೇರಿಸಿದ್ದರು, ಅಷ್ಟೆ. ಕನ್ನಡಿಗರ ಮನೆಯ ಮಗು ಹೆಸರು ಗೊತ್ತಿಲ್ಲದೆಯೇ ಪಾಲಿಸುವ ನಿಯಮ ಇದು. ಬರು, ತರು ಎಂಬವು ಇನ್ನೊಂದು ಪುಟ್ಟ ಬಳಗ: ಬಂದೆ, ತಂದೆ. ಕುಡಿ, ಕರೆ, ನಡೆ ಮೊದಲಾದವು ಕುಡಿದೆ, ಕರೆದೆ, ನಡೆದೆ ಎಂದು ಸಲೀಸಾಗಿ ಸಾಗುತ್ತವೆ. ಆದರೆ ಅವುಗಳ ಜೊತೆಗೇ ಇರುವ ಕಲಿ, ಮರೆ ಎಂಬೆರಡು ಕಲಿತೆ, ಮರೆತೆ ಆಗುತ್ತವೆ.

ಎಷ್ಟು ಜಾಣರೂ ಎಡವುವ ಜಾಗ ‘ಹೋಗು’. ಮಾಡು, ಮಾಡಿ, ಮಾಡಿದೆ ಎಂಬ ದಾರಿಯಲ್ಲಿ ನಡೆದು ಹೋಗು, ಹೋಗಿ, ಹೋಗಿದೆ ಎಂದು ಬರೆಯುತ್ತಾರೆ. ಹೋಗಿದೆ ಎಂಬ ಮಾತು ಕನ್ನಡದಲ್ಲಿ ಇದ್ದೇ ಇದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಅದು ಹೋಗಿ ಮತ್ತು ಇದೆ ಸೇರಿ ಆದದ್ದು. ‘ಕರೆಂಟು ಹೋಗಿದೆ’ ಎನ್ನಬಹುದೇ ಹೊರತು ‘ನಾನು ಹೋಗಿದೆ’ ಎನ್ನುವಂತಿಲ್ಲ. ನಾನು ಹೋದೆ, ಅದು ಹೋಯಿತು. ‘ಮಾಡಿದೆ’ ಎಂಬುದಂತೂ ಒಂದೇ ಬರಹದಲ್ಲಿ ಮೂರು ಮಾತು: ನಾನು ಮಾಡಿದೆ, ನೀನು ಮಾಡಿದೆ, ಸರ್ಕಾರ ಮಾಡಿದೆ. ಹೀಗಾಗಿ ಬಿಡಿ ರೂಪ ಬರೆದು ನಿಲ್ಲಿಸಬಾರದು. ಪ್ರತಿ ಮನೆಯಲ್ಲೂ ‘ನಿನ್ನೆ ನಾನು ಸಂತೆಗೆ ಹೋದೆ’ ಎಂಬಂಥ ಪುಟ್ಟ ವಾಕ್ಯ ಇದ್ದರೆ ಯಾವ ಮಾಡಿದೆ, ಯಾವ ಹೋಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಹಿಂದಿ ಮಾತಾಡುವವರಿಗೆ ‘ಅದು’ ಸಾಲು ಇನ್ನೊಂದು ಕಾರಣಕ್ಕೆ ಮುಖ್ಯ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ, ಮನೆ ಪುಲ್ಲಿಂಗ. ನಪುಂಸಕ ಲಿಂಗವೇ ಇಲ್ಲ. ಕನ್ನಡದಲ್ಲಿ ಬಸ್ಸು, ಮಳೆ, ಸಂಬಳ ಎಲ್ಲವೂ ‘ಅದು’, ಎಲ್ಲಕ್ಕೂ ಬಂತು. ಇನ್ನೊಂದು ಕಡೆ ಅವರಿಗೆ ಕೆಲಸ ಕಡಿಮೆ: ಹಿಂದಿಯಲ್ಲಿ ನಾನು ಎನ್ನುವವರು ಗಂಡೋ ಹೆಣ್ಣೋ ಎಂಬುದರ ಮೇಲೆ ಕ್ರಿಯಾಪದ ಬದಲಾಗುತ್ತದೆ, ಕನ್ನಡದಲ್ಲಿ ಇಬ್ಬರೂ ಬರುತ್ತೇನೆ ಎನ್ನುತ್ತಾರೆ.

‘ಇಲ್ಲ’ ಎನ್ನುವಾಗ ಕಲಿಯುವವರಿಗೆ ಇನ್ನೂ ದೊಡ್ಡ ಬಿಡುವು ಸಿಗುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಬಸ್ಸು ಬರಲಿಲ್ಲ. ಒಂಬತ್ತೂ ಸಾಲಿಗೆ ಒಂದೇ ರೂಪ. ಬರುವುದಿಲ್ಲ ಎಂಬುದೂ ಹಾಗೆಯೇ. ಬಾಯಿಮಾತಿನಲ್ಲಿ ಅದು ಬರಲ್ಲ.

ಕೊನೆಯದಾಗಿ, ಒಂದು ಕೋಷ್ಟಕದಲ್ಲಿ ಒಂದೇ ಊರಿನ ಕನ್ನಡ ಇರಲಿ. ಪುಸ್ತಕದಲ್ಲಿ ಬರುತ್ತದೆ ಎಂದಿದ್ದರೆ ಬೆಂಗಳೂರಿನಲ್ಲಿ ಬರುತ್ತೆ, ಮಂಗಳೂರಿನಲ್ಲಿ ಬರ್ತದೆ, ಧಾರವಾಡದಲ್ಲಿ ಬರ್ತೈತಿ ಎಂದು ಕೇಳಿಸುತ್ತದೆ. ಎಲ್ಲವೂ ಸರಿಯಾದ ಕನ್ನಡವೇ. ಕಲಿಯುವವರು ತಾವಿರುವ ಊರಿನದನ್ನು ಮೊದಲು ತುಂಬಿ, ಪುಸ್ತಕದ ರೂಪವನ್ನು ಪಕ್ಕದಲ್ಲಿ ಬರೆದುಕೊಂಡರೆ ಎರಡೂ ಕಡೆ ಕೈಹಿಡಿಯುತ್ತದೆ.

ಪಕ್ಕದ ಮನೆಯವರೋ ಆಫೀಸಿನ ಗೆಳೆಯರೋ ಕನ್ನಡ ಕಲಿಯುತ್ತಿದ್ದು, ‘ಈ ಕ್ರಿಯಾಪದ ಹೇಗೆ?’ ಎಂದು ಕೇಳಿದರೆ ಓದುಗರು ಮೂರು ರೂಪ ಹೇಳಿಕೊಡಲಿ: ತಿನ್ನು, ತಿಂದೆ, ತಿಂದಿತು. ಉಳಿದ ಮನೆಗಳನ್ನು ತುಂಬುವ ಕೆಲಸ ಅವರಿಗೇ ಇರಲಿ.